ಸ್ಪ್ರೇಯರ್ ಪಂಪಿನ ಪ್ಯಾಕಿಂಗ್: ಫೋಟೋದಲ್ಲಿ ಕಂಡದ್ದೆಷ್ಟು, ಅಳೆಯಬೇಕಾದ್ದೆಷ್ಟು

"ಮಾವ, ಮೂರು ಫೋಟೋ ಹಾಕಿದ್ದೀನಿ. ಇದು ಯಾವ ಮಾಡೆಲ್ ಸ್ಪ್ರೇಯರ್? ಪಂಪಿನ ನಡುವಿಂದ ನೀರು ಸೋರ್ತಿದೆ. ಆಯಿಲ್ ಸೀಲ್ ತರಿಸ್ಬೇಕು, ಯಾವುದು ಅಂತ ಹೇಳಿದ್ರೆ ಇವತ್ತೇ ಆರ್ಡರ್ ಹಾಕ್ತೀನಿ."

ಆರ್ಡರ್ ಸ್ವಲ್ಪ ತಡೆದುಕೋ ಅಪ್ಪಾ. ಮೊದಲನೇ ಫೋಟೋದಲ್ಲಿ ನೀನು ಹತ್ತಿರದಿಂದ ಚೆನ್ನಾಗಿ ತೆಗೆದಿರುವುದು ಎಂಜಿನ್ನಿನ ಪ್ಲೇಟು. ಎಲ್ಲರೂ ಹಾಗೇ ಮಾಡುತ್ತಾರೆ, ಎದ್ದು ಕಾಣುವ ಅಕ್ಷರ ಅಲ್ಲೇ ಇರುವುದಲ್ವಾ. ಆದರೆ ಸೋರುತ್ತಿರುವುದು ಪಂಪು. ಎಂಜಿನ್ನೂ ಪಂಪೂ ಒಂದೇ ಫ್ರೇಮಿನ ಮೇಲೆ ಕೂತಿರುವ ಬೇರೆ ಬೇರೆ ಮಿಷಿನ್‌ಗಳು, ನಡುವೆ ಇರುವುದು ಬರೀ ಬೆಲ್ಟು. ಅದೇ ಎಂಜಿನ್ನಿಗೆ ಚಿಕ್ಕ ಪಂಪನ್ನೂ ಕೂರಿಸಿರುತ್ತಾರೆ, ದೊಡ್ಡದನ್ನೂ ಕೂರಿಸಿರುತ್ತಾರೆ. ಎಂಜಿನ್ನಿನ ನಂಬರ್ ಹೇಳಿ ಪಂಪಿನ ಸಾಮಾನು ಕೇಳಿದರೆ ಅಂಗಡಿಯವನು ಒಂದು ಅಂದಾಜಿನ ಮೇಲೆ ಕೊಡುತ್ತಾನೆ, ಅಷ್ಟೇ.

ಪಂಪಿನ ಮೇಲಿನ ಸ್ಟಿಕ್ಕರಿನ ಕಂಪನಿ ಹೆಸರಿಗೂ ಜಾಸ್ತಿ ಬೆಲೆ ಕೊಡಬೇಡ. ಇಂಥ ಮೂರು ಪ್ಲಂಜರಿನ, ಅಂದರೆ ಹಿಂದೆಮುಂದೆ ಓಡಿ ನೀರು ತಳ್ಳುವ ಮೂರು ದಂಡಗಳಿರುವ, ಎಚ್‌ಟಿಪಿ ಪಂಪುಗಳಲ್ಲಿ ಒಂದೇ ಬಾಡಿ ಹಲವು ಹೆಸರುಗಳಲ್ಲಿ ಬರುತ್ತದೆ. ಬಣ್ಣ ಬೇರೆ, ಸ್ಟಿಕ್ಕರ್ ಬೇರೆ, ಒಳಗೆ ಅದೇ ಸಾಮಾನು. ಇದರ ಉಲ್ಟಾ ಕೂಡ ಉಂಟು: ಒಂದೇ ಹೆಸರಿನಲ್ಲಿ ಬೇರೆ ಬೇರೆ ಅಳತೆಯ ಪಂಪುಗಳು. ನಮಗೆ ಬೇಕಾಗಿರುವುದು ಪಂಪಿನ ಸೈಜು. ಮಾಡೆಲ್ ಹೆಸರಿನ ಕೊನೆಯಲ್ಲಿ 22 ಅಂತಲೋ 30 ಅಂತಲೋ ಇರುತ್ತದಲ್ಲ, ಸಾಮಾನ್ಯವಾಗಿ ಅದು ಪ್ಲಂಜರಿನ ದಪ್ಪ, ಮಿಲಿಮೀಟರಿನಲ್ಲಿ. ಅದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಈಗ ನಿನ್ನ ಎರಡನೇ ಫೋಟೋ. ಪಂಪಿನ ಪ್ಲೇಟಿನ ಮೇಲೆ ಯಾರೋ ಪೇಂಟ್ ಬಳಿದಿದ್ದಾರೆ, ಏನೂ ಓದಲು ಆಗುವುದಿಲ್ಲ. ಪಕ್ಕದಲ್ಲಿ ಬಾಡಿಯ ಮೇಲೆ ಉಬ್ಬಿದ ನಂಬರ್ ಒಂದು ಕಾಣುತ್ತಿದೆ. ಅದನ್ನೇ ಮಾಡೆಲ್ ಅಂದುಕೊಳ್ಳಬೇಡ. ಎರಕ ಹೊಯ್ಯುವಾಗ ಅಚ್ಚಿನಲ್ಲೇ ಬರುವ ನಂಬರ್ ಅದು, ಆ ಒಂದು ತುಂಡಿನ ಗುರುತು. ಹಾಗೇ ಪ್ರೆಶರ್ ಮೀಟರಿನ ಮೇಲಿರುವ ದೊಡ್ಡ ಅಂಕಿ ಕೂಡ ಮಾಡೆಲ್ ಅಲ್ಲ, ಆ ಮೀಟರು ಎಷ್ಟರವರೆಗೆ ತೋರಿಸುತ್ತದೆ ಅಂತ ಅಷ್ಟೇ. ಪ್ಲೇಟನ್ನು ಉಪ್ಪುಕಾಗದ ಹಾಕಿ ಉಜ್ಜಬೇಡ, ಪೇಂಟಿನ ಜೊತೆ ಅಕ್ಷರವೂ ಹೋಗುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ಜಿಡ್ಡು ತೆಗೆ. ಆಮೇಲೆ ನೆರಳಿನಲ್ಲಿ ಇಟ್ಟು, ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಪ್ಲೇಟಿಗೆ ತಾಗುವ ಹಾಗೆ ಹಿಡಿ. ಒತ್ತಿದ ಅಕ್ಷರಗಳ ಅಂಚಿನಲ್ಲಿ ನೆರಳು ಬಿದ್ದು ಪೇಂಟಿನ ಅಡಿಯಿಂದಲೂ ಓದಲು ಬರುತ್ತವೆ. ಮೊಬೈಲಿನ ಫ್ಲ್ಯಾಶ್ ಹಾಕಿದರೆ ಎಲ್ಲಾ ಬೆಳ್ಳಗಾಗಿ ಹೋಗುತ್ತದೆ, ಅದನ್ನು ಆಫ್ ಮಾಡು.

ಆದರೆ ನಿಜವಾಗಿ ಉಪಯೋಗಕ್ಕೆ ಬಂದದ್ದು ನಿನ್ನ ಮೂರನೇ ಫೋಟೋ. ನೀನು ಸುಮ್ನೆ ಸೋರುವ ಜಾಗ ತೋರಿಸಲು ತೆಗೆದದ್ದು ಅದು. ಎಣ್ಣೆ ಇರುವ ಭಾಗಕ್ಕೂ ನೀರು ಹೋಗುವ ಸಿಲಿಂಡರಿಗೂ ನಡುವೆ ತೆರೆದ ಜಾಗ ಇದೆಯಲ್ಲ, ಅಲ್ಲಿ ಮೂರು ಪ್ಲಂಜರ್ ಹೊಳೆಯುತ್ತಾ ಕಾಣುತ್ತವೆ. ಪಕ್ಕದಲ್ಲೇ ಒಂದು ಬೋಲ್ಟಿನ ತಲೆ ಇದೆ. ಫೋಟೋ ದೊಡ್ಡದು ಮಾಡಿ ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಪ್ಲಂಜರಿನ ದಪ್ಪ ಆ ಬೋಲ್ಟ್ ತಲೆಯ ಅಗಲದ ಸುಮಾರು ಒಂದೂ ಮುಕ್ಕಾಲು ಪಾಲು ಬರುತ್ತದೆ. ಅದು 13ರ ಸ್ಪ್ಯಾನರ್ ಹಿಡಿಯುವ ಬೋಲ್ಟ್ ಆಗಿದ್ದರೆ ಪ್ಲಂಜರ್ 22 ಅಥವಾ 23 ಮಿಲಿಮೀಟರಿನ ಹತ್ತಿರ ಆಯಿತು. 30ರದ್ದು ಆಗಿದ್ದರೆ ಎರಡೂ ಕಾಲು ಪಾಲಿಗಿಂತ ಜಾಸ್ತಿ ಕಾಣಬೇಕಿತ್ತು. ಹಾಗಾಗಿ ನನ್ನ ಅನುಮಾನ 22ರ ಪಂಪು.

ಅನುಮಾನ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಬೋಲ್ಟ್ 12ರದ್ದಾಗಿದ್ದರೆ ಲೆಕ್ಕ ಬದಲಾಗುತ್ತದೆ. ಮೇಲಾಗಿ ಬೋಲ್ಟ್ ಕ್ಯಾಮೆರಾಗೆ ಹತ್ತಿರ ಇದೆ, ಪ್ಲಂಜರ್ ಹಿಂದೆ ಇದೆ. ಹತ್ತಿರದ್ದು ದೊಡ್ಡದಾಗಿಯೇ ಕಾಣುತ್ತದೆ. 22ನ್ನೂ 30ನ್ನೂ ಬೇರೆ ಮಾಡಲು ಫೋಟೋ ಸಾಕು, 22ನ್ನೂ 25ನ್ನೂ ಬೇರೆ ಮಾಡಲು ಸಾಲದು. ನೀರು ಸೋರದ ಹಾಗೆ ಪ್ಲಂಜರಿನ ಸುತ್ತ ಕೂರುವ ರಬ್ಬರ್ ಪ್ಯಾಕಿಂಗ್ ವಿಷಯದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಅದು ಕೂರುವುದಿಲ್ಲ.

ನಿನ್ನ ಹತ್ತಿರ ವರ್ನಿಯರ್ ಇಲ್ಲ ಅಂತ ಗೊತ್ತು. ಪರವಾಗಿಲ್ಲ. ಒಂದು ಕಾಗದವನ್ನು ಬೆರಳಗಲದ ಪಟ್ಟಿ ಮಾಡಿಕೋ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡು. ಗನ್ ಒತ್ತಿ ಪೈಪಿನಲ್ಲಿರುವ ಪ್ರೆಶರ್ ಪೂರ್ತಿ ಬಿಟ್ಟುಬಿಡು. ಔಷಧಿ ಹೊಡೆದ ಪಂಪಾದ್ದರಿಂದ ಮೊದಲೇ ಒಳ್ಳೆ ನೀರು ಹಾಯಿಸಿರಬೇಕು, ಕೈಗೆ ಗ್ಲೌಸ್ ಇರಲಿ. ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಒಂದು ಪ್ಲಂಜರ್ ಪೂರ್ತಿ ಹಿಂದಕ್ಕೆ ಬಂದು ಜಾಸ್ತಿ ಹೊರಗೆ ಕಾಣುತ್ತದೆ. ಅದನ್ನು ಒರೆಸಿ, ಕಾಗದದ ಪಟ್ಟಿಯನ್ನು ಬಿಗಿಯಾಗಿ ಒಂದು ಸುತ್ತು ಸುತ್ತು. ತುದಿ ಮೇಲೆ ತುದಿ ಬರುವ ಕಡೆ ಬ್ಲೇಡಿನಿಂದ ಗುರುತು ಮಾಡಿ, ಬಿಚ್ಚಿ, ಸ್ಕೇಲಿನಲ್ಲಿ ಅಳೆ. 69 ಮಿಲಿಮೀಟರ್ ಬಂದರೆ 22ರ ಪ್ಲಂಜರ್. 78 ಅಥವಾ 79 ಬಂದರೆ 25. 88 ಬಂದರೆ 28, 94 ಬಂದರೆ 30. ಸುತ್ತಳತೆ ದಪ್ಪಕ್ಕಿಂತ ಮೂರು ಪಟ್ಟು ಚಿಲ್ಲರೆ ಇರುವುದರಿಂದ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ತಪ್ಪಿ ಓದಿದರೂ ದಪ್ಪದಲ್ಲಿ ಅದರ ಮೂರನೇ ಒಂದು ಭಾಗವಷ್ಟೇ ತಪ್ಪಾಗುತ್ತದೆ. ಪ್ಯಾಕಿಂಗ್ ಉಜ್ಜಿ ಸವೆದ ಜಾಗ ಮಂಕಾಗಿರುತ್ತದೆ. ಅಲ್ಲಿ ಸುತ್ತಬೇಡ, ಸವೆಯದ ಕಡೆ ಸುತ್ತು.

ಇನ್ನು ನೀನು ಕೇಳಿದ ಆಯಿಲ್ ಸೀಲ್. ಅದು ನಿನಗೆ ಬೇಕಾಗಿಯೇ ಇಲ್ಲ ಅನಿಸುತ್ತದೆ. ಆ ತೆರೆದ ಜಾಗಕ್ಕೆ ಎರಡು ಕಡೆಯಿಂದ ಸೋರಬಹುದು. ಎಣ್ಣೆ ಇರುವ ಕಡೆ ಆಯಿಲ್ ಸೀಲ್ ಇದೆ, ಅದು ಹೋದರೆ ಎಣ್ಣೆ ಜಿನುಗುತ್ತದೆ. ಸಿಲಿಂಡರಿನ ಕಡೆ ವಿ ಪ್ಯಾಕಿಂಗ್ ಇದೆ, ಅದು ಹೋದರೆ ನೀರು ಬರುತ್ತದೆ. ನಿನ್ನ ಫೋಟೋದಲ್ಲಿ ಸಿಲಿಂಡರಿನ ಕೆಳಗೆ ಬಿಳಿ ಕಲೆ ಕಟ್ಟಿದೆ, ಔಷಧಿ ನೀರು ಒಣಗಿದ ಗುರುತು. ಎಣ್ಣೆಯ ಕಡೆ ಬರೀ ಧೂಳು, ಜಿಡ್ಡಿಲ್ಲ. ಅಂದರೆ ಹೋಗಿರುವುದು ಪ್ಯಾಕಿಂಗ್. ಆದರೂ ಒಂದು ನೋಡಬೇಕು: ಎಣ್ಣೆ ನೋಡುವ ಗಾಜಿನಲ್ಲಿ ಎಣ್ಣೆ ಯಾವ ಬಣ್ಣ ಇದೆ? ಹಾಲು ಬೆರೆಸಿದ ಟೀ ಬಣ್ಣ ಇದ್ದರೆ ನೀರು ಒಳಗೆ ಸೇರಿದೆ ಅಂತ. ಆಗ ಮಾತ್ರ ಆಯಿಲ್ ಸೀಲನ್ನೂ ಜೊತೆಗೆ ಹಾಕಿ ಎಣ್ಣೆ ಬದಲಿಸು. ಹಳೆ ಆಯಿಲ್ ಸೀಲಿನ ಮುಖದ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತದೆ, 22-35-7 ಅನ್ನುವ ತರ. ಮೊದಲನೆಯದು ಒಳಗಿನ ತೂತು, ಎರಡನೆಯದು ಹೊರಗಿನ ಅಗಲ, ಮೂರನೆಯದು ದಪ್ಪ. ಆ ಅಂಕಿ ಸಿಕ್ಕಿದರೆ ಪಂಪಿನ ಹೆಸರೇ ಬೇಡ.

ವಿ ಪ್ಯಾಕಿಂಗಿಗೆ ಅಷ್ಟು ಸುಲಭ ಇಲ್ಲ. ಒಳ ಅಳತೆ ಪ್ಲಂಜರಿನದ್ದೇ, ಆದರೆ ಹೊರ ಅಳತೆ ಒಂದೇ 22ರಲ್ಲೂ ಬಾಡಿಯಿಂದ ಬಾಡಿಗೆ ಬದಲಾಗಬಹುದು. ಹಾಗಾಗಿ ಹಳೆಯದನ್ನು ಬಿಚ್ಚದೆ ಆರ್ಡರ್ ಹಾಕಬೇಡ. ಬಿಚ್ಚುವಾಗ ಒಂದೊಂದೇ ತುಂಡನ್ನು ಬಂದ ಕ್ರಮದಲ್ಲೇ ಹಲಗೆ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆ. ಸಾಲಿನಲ್ಲಿ ಎಷ್ಟು ರಬ್ಬರ್ ಇದೆ, ನಡುವೆ ಹಿತ್ತಾಳೆ ಬಳೆ ಎಲ್ಲಿದೆ, ವಿ ಬಾಯಿ ಯಾವ ಕಡೆ ಇದೆ, ಎಲ್ಲಾ ಅದರಲ್ಲಿ ಕಾಣಬೇಕು. ವಿ ತೆರೆದ ಬಾಯಿ ನೀರಿನ ಪ್ರೆಶರ್ ಬರುವ ಕಡೆಗೇ ಇರಬೇಕು, ಪ್ರೆಶರ್ ಬಂದಾಗ ಅದು ಅಗಲವಾಗಿ ಪ್ಲಂಜರಿಗೆ ಒತ್ತಿಕೊಳ್ಳುತ್ತದೆ. ಹಿಂದುಮುಂದಾಗಿ ಹಾಕಿದರೆ ಹೊಸ ಪ್ಯಾಕಿಂಗ್ ಕೂಡ ಮೊದಲ ದಿನವೇ ಸೋರುತ್ತದೆ. ಆಗ ಜನ ಸಾಮಾನನ್ನು ಬೈಯುತ್ತಾರೆ. ಹಿಂದೆ ಯಾರಾದರೂ ತಪ್ಪಾಗಿ ಕೂರಿಸಿರಬಹುದು, ಅದಕ್ಕೆ ಮೂರು ಸಿಲಿಂಡರನ್ನೂ ಹೋಲಿಸಿ ನೋಡು. ಒಂದೇ ಸೋರಿದರೂ ಮೂರಕ್ಕೂ ಹೊಸದು ಹಾಕು. ಉಳಿದೆರಡೂ ಅದೇ ವಯಸ್ಸಿನವು.

ಪ್ಯಾಕಿಂಗ್ ತೆಗೆದ ಮೇಲೆ ಪ್ಲಂಜರಿನ ಮೇಲೆ ಉಗುರನ್ನು ಉದ್ದಕ್ಕೆ ಎಳೆ, ಅಡ್ಡಕ್ಕೂ ಎಳೆ. ಎಲ್ಲೂ ಸಿಕ್ಕಿಕೊಳ್ಳಬಾರದು. ಸುಣ್ಣ ಸೋಸದೆ ಹಾಕಿದ ದ್ರಾವಣ ಹೊಡೆದಿದ್ದರೆ ಗೀರು ಬಿದ್ದಿರುವುದು ಸಾಮಾನ್ಯ. ಗೀರು ಉಗುರಿಗೆ ಸಿಕ್ಕಿದರೆ ಪ್ಲಂಜರನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಆ ಗೀರು ಹೊಸ ರಬ್ಬರನ್ನು ಸ್ವಲ್ಪ ಸ್ವಲ್ಪವಾಗಿ ತರಿದು ಹಾಕುತ್ತದೆ. ಪ್ಲಂಜರ್ ತರಿಸುವುದಾದರೆ ದಪ್ಪ ಮಾತ್ರ ಸಾಲದು, ಉದ್ದವೂ ಬೇಕು, ಅದನ್ನು ಹಿಡಿಯುವ ಬೋಲ್ಟಿನ ತೂತಿನ ಅಳತೆಯೂ ಬೇಕು.

ಮೀಟರಿನ ಮುಳ್ಳು ಕುಣಿಯುತ್ತದೆ, ಪೈಪು ಹಾರುತ್ತದೆ ಅಂತ ಮೊನ್ನೆ ಅಕ್ಕ ಹೇಳಿದ್ದಳು. ಅದು ಒಳಗಿನ ವಾಲ್ವಿನದ್ದೋ ಏರ್ ಚೇಂಬರಿನದ್ದೋ ಇರಬಹುದು. ಅದನ್ನು ಇನ್ನೊಂದು ಸಲ ನೋಡೋಣ, ಇದಕ್ಕೆ ಅದನ್ನು ಬೆರೆಸಬೇಡ.

ಈಗ ನನಗೆ ಕಳಿಸಬೇಕಾದ್ದು: ಕಾಗದದ ಪಟ್ಟಿ ಎಷ್ಟು ಬಂತು ಅನ್ನುವ ಅಂಕಿ, ಸಾಲಾಗಿ ಇಟ್ಟ ಪ್ಯಾಕಿಂಗಿನ ಫೋಟೋ ಸ್ಕೇಲ್ ಸಮೇತ, ಎಣ್ಣೆ ಗಾಜಿನ ಫೋಟೋ. ಪ್ಲೇಟ್ ಓದಲು ಬಂದರೆ ಅದೂ ಇರಲಿ. ಅಂಗಡಿಗೆ ಹೋಗುವಾಗ ಹಳೆ ಪ್ಯಾಕಿಂಗಿನ ಒಂದು ತುಂಡನ್ನು ತೊಳೆದು ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೋ. ಹೊಸದರ ಹೊರ ಅಂಚನ್ನು ಅದರ ಮೇಲಿಟ್ಟು ನೋಡಿಯೇ ತಗೋ. ಹಳೆಯದು ಉಬ್ಬಿ ಸ್ವಲ್ಪ ದೊಡ್ಡದಾಗಿರಬಹುದು, ಅದಕ್ಕೇ ಸಿಲಿಂಡರಿನ ಬಾಯಿಯ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗು.