ಸಹಾಯ ಬೇಕು: ನೆಟ್‌ವರ್ಕ್ ಇಲ್ಲದಾಗ ಅಮ್ಮನ ದಾಖಲೆ, ಇನ್ಸುಲಿನ್ ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮ, ತಮ್ಮ ಇರುವುದು ಮಡಿಕೇರಿ ಹತ್ತಿರದ ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಅಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತವೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕೇ ಬೇಕು.

ಆಧಾರ್, ಆಯುಷ್ಮಾನ್ ಕಾರ್ಡ್ ಡಿಜಿಲಾಕರ್‌ನಲ್ಲಿವೆ. ಆದರೆ ಅದನ್ನು ತೆರೆಯಲು ನೆಟ್ ಬೇಕು, ಒಟಿಪಿ ಬರುವುದು ನನ್ನ ನಂಬರಿಗೆ. ಹಾಗಾಗಿ ಇ-ಆಧಾರ್ ಪಿಡಿಎಫ್ ಅನ್ನು ಅಮ್ಮನ ಫೋನಿಗೇ ಇಳಿಸಿದ್ದೇನೆ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ತಮ್ಮನಿಗೂ ಹೇಳಿಕೊಟ್ಟಿದ್ದೇನೆ. ಔಷಧಿ ಚೀಟಿ, ಡೋಸ್, ಅಲರ್ಜಿ ಬರೆದ ಒಂದು ಹಾಳೆಯ ಪ್ರಿಂಟ್ ಜಿಪ್ ಕವರಿನಲ್ಲಿದೆ. ಫೋನ್ ಸತ್ತರೆ ಅದೇ ಗತಿ ಅಲ್ವಾ!

ಬಳಸುತ್ತಿರುವ ಇನ್ಸುಲಿನ್ ಫ್ರಿಜ್ ಇಲ್ಲದೆಯೂ ಸುಮಾರು 4 ವಾರ ನಡೆಯುತ್ತದೆ, ಸೆಖೆ 30 ಡಿಗ್ರಿ ದಾಟಬಾರದು ಅಷ್ಟೆ. ಅದಕ್ಕೆ ಒದ್ದೆ ಮಣ್ಣಿನ ಮಡಕೆ ಇದೆ.

ನಾನು ಸಿಕ್ಕಿಬಿದ್ದಿರುವುದು ಇಲ್ಲಿ. ಅಡ್ಮಿಟ್ ಆಗುವಾಗ ಆಯುಷ್ಮಾನ್ ಕಾರ್ಡಿಗೆ ಗುರುತು ದೃಢೀಕರಣ ಕೇಳುತ್ತಾರೆ. ತೋಟದ ಕೆಲಸದಿಂದ ಅಮ್ಮನ ಬೆರಳಚ್ಚು ಸವೆದಿದೆ, ಮೆಷಿನ್ ಹಿಡಿಯುವುದಿಲ್ಲ. ಒಟಿಪಿ ನನಗೆ ಬಂದರೂ ಅಲ್ಲಿಗೆ ತಿಳಿಸಲು ಫೋನ್ ಸಿಗಬೇಕಲ್ಲ. ಆಧಾರ್‌ಗೆ ತಮ್ಮನ ನಂಬರ್ ಜೋಡಿಸಿದರೆ ಸಾಕೇ, ಅಥವಾ ಒಟಿಪಿ, ಬೆರಳಚ್ಚು ಎರಡೂ ಆಗದಿದ್ದಾಗ ಆಸ್ಪತ್ರೆಯವರು ಬೇರೆ ಯಾವ ರೀತಿಯಲ್ಲಿ ದಾಖಲಿಸಿಕೊಳ್ಳುತ್ತಾರೆ? ಇದನ್ನು ಸ್ವತಃ ಮಾಡಿಸಿದವರು ಹೇಳಿ.