ಡಿ-ಡೈಮರ್ ನಾರ್ಮಲ್ ಬಂದಿದೆ, ಡಾಪ್ಲರ್ ಬೇಕಾ?

ಕಾಪುವಿನಿಂದ: ಡಾಕ್ಟ್ರೇ, ಅಪ್ಪನಿಗೆ 58. ಬಲಗಾಲಿನ ಪಾದದ ಗಂಟು ಮುರಿದು ನಾಲ್ಕು ವಾರ ಪ್ಲಾಸ್ಟರ್ ಇತ್ತು, ಸೋಮವಾರ ತೆಗೆದರು. ಮೀನಖಂಡ ಊದಿ ನೋಯ್ತಾ ಉಂಟು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನಾವೇ ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸಿದೆವು, 410 ಬಂತು. ರಿಪೋರ್ಟಲ್ಲಿ 500ರೊಳಗೆ ನಾರ್ಮಲ್ ಅಂತ ಬರೆದಿದೆ. ಆದ್ರೂ ಕಾಲಿನ ನಾಳದ ಡಾಪ್ಲರ್ ಸ್ಕ್ಯಾನ್ ಬೇಕಾ?

ಡಾಕ್ಟರ್: ಬೇಕು, ಇವತ್ತೇ. ಅದಕ್ಕೆ ಮೊದಲು ಮೂರು ವಿಷಯ ಹೇಳಿ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೈಲರ್ ಟೇಪ್ ಸುತ್ತಿ ಎರಡೂ ಕಾಲು ಅಳೆಯಿರಿ, ವ್ಯತ್ಯಾಸ ಎಷ್ಟು? ಪ್ಲಾಸ್ಟರ್ ಇದ್ದಾಗ ಹೆಪ್ಪು ಕಟ್ಟದ ಹಾಗೆ ಹೊಟ್ಟೆಗೆ ಇಂಜೆಕ್ಷನ್ ಕೊಡ್ತಿದ್ರಾ? ಉಸಿರಾಟ ಹೇಗುಂಟು?

ಉಡುಪಿಯಿಂದ, ಲ್ಯಾಬ್‌ನಲ್ಲಿ ಕೆಲಸ: ಡಾಕ್ಟ್ರು ಕ್ಷಮಿಸಬೇಕು. ನೆಗೆಟಿವ್ ಬಂದ್ರೆ ಹೆಪ್ಪು ಇಲ್ಲ ಅಂತಲೇ ಅರ್ಥ. ಈ ಟೆಸ್ಟ್ ಇರುವುದೇ ಅದಕ್ಕೆ. ಸುಮ್ಮನೆ ಡಾಪ್ಲರ್‌ಗೆ ಖರ್ಚು ಯಾಕೆ?

ಸುರತ್ಕಲ್‌ನಿಂದ: ನನ್ನ ಅಮ್ಮನಿಗೆ 74, ಡಿ-ಡೈಮರ್ 690 ಬಂದಿದೆ. ಎರಡೂ ಮಂಡಿ ನೋವು. ಹೆಪ್ಪು ಇರಬಹುದಾ?

ಡಾಕ್ಟರ್: ಸುರತ್ಕಲ್ ಅಕ್ಕ, 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ, ಅದೇ ಮಿತಿ. ಅಮ್ಮನದ್ದು 740ರೊಳಗೆ ಉಂಟು. ಒಂದೇ ಕಾಲು ಊದದಿದ್ದರೆ, ಮಂಡಿಗೆ ಮಂಡಿಯ ಡಾಕ್ಟರನ್ನು ನೋಡಿ.

ಲ್ಯಾಬ್‌ನವರು ಹೇಳಿದ್ದು ಅರ್ಧ ಸರಿ. ಹೆಪ್ಪಿನ ನಾರನ್ನು ದೇಹ ತಾನೇ ಕತ್ತರಿಸುವಾಗ ಉದುರುವ ಚೂರೇ ಡಿ-ಡೈಮರ್. ಅಂದರೆ ಅದು ಹೆಪ್ಪನ್ನು ಅಳೆಯುವುದಿಲ್ಲ, ಹೆಪ್ಪು ಕರಗುತ್ತಿರುವುದನ್ನು ಅಳೆಯುತ್ತದೆ. ಆಪರೇಷನ್, ಮುರಿತ, ಸೋಂಕು, ಬಸಿರು, ಕ್ಯಾನ್ಸರ್ ಎಲ್ಲದರಲ್ಲೂ ಏರ್ತದೆ. ಹಾಗಾಗಿ ಹೆಚ್ಚು ಬಂತು ಅಂತ ಹೆಪ್ಪು ಉಂಟು ಅನ್ನಲಾಗದು. ಕಡಿಮೆ ಬಂದರೆ ಹೆಪ್ಪು ಇಲ್ಲ ಅನ್ನಬಹುದು, ಆದರೆ ಮೊದಲೇ ಸಂಶಯ ಕಡಿಮೆ ಇದ್ದವರಲ್ಲಿ ಮಾತ್ರ. ಸಂಶಯ ಜಾಸ್ತಿ ಇದ್ದಾಗ ಈ ಟೆಸ್ಟ್ ಮಾಡಿಸುವುದೇ ತಪ್ಪು, ನೇರ ಡಾಪ್ಲರ್.

ಕುಂದಾಪುರದಿಂದ: ಡಿ-ಡೈಮರ್ ಎಷ್ಟಿರಬೇಕು ಸಾರ್?

ಡಾಕ್ಟರ್: ಮೇಲೆ ಓದಿ.

ಕಾಪುವಿನಿಂದ: ಅಳೆದೆವು. ಬಲ 38.5, ಎಡ 35. ಒತ್ತಿದರೆ ಕುಳಿ ಬೀಳ್ತದೆ, ಹಿಂದೆ ಮುಟ್ಟಿದರೆ ನೋವು. ಎನಾಕ್ಸಪರಿನ್ 40 ಮಿ.ಗ್ರಾಂ. ಇಂಜೆಕ್ಷನ್, ದಿನಕ್ಕೊಂದು ಕೊಡ್ತಿದ್ರು, ಮೊನ್ನೆಯವರೆಗೂ ಉಂಟು.

ಡಾಕ್ಟರ್: ಈಗ ಲೆಕ್ಕ ನೋಡಿ. ಹೆಪ್ಪಿನ ಸಂಶಯ ಎಷ್ಟು ಅಂತ ಅಳೆಯಲಿಕ್ಕೆ ವೆಲ್ಸ್ ಅಂಕ ಅಂತ ಉಂಟು. ಪ್ಲಾಸ್ಟರ್ 1, ಮೂರು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ 1, ಕುಳಿ ಬೀಳುವ ಊತ 1, ನಾಳದ ಜಾಡಿನಲ್ಲಿ ನೋವು 1. ಒಟ್ಟು 4. ಮುರಿದ ಕಾಲು ಹೇಗೂ ಊದುತ್ತದೆ ಅಂತ 2 ಕಳೆದರೂ 2 ಉಳೀತು. 2 ಮತ್ತು ಮೇಲೆ ಇದ್ದರೆ ಸಂಶಯ ಜಾಸ್ತಿ. ನಿಮ್ಮ 410ಕ್ಕೆ ಇಲ್ಲಿ ಕೆಲಸವಿಲ್ಲ.

ಅದು ಕಡಿಮೆ ಬಂದದ್ದಕ್ಕೂ ಕಾರಣ ಇರಬಹುದು. ಇಂಜೆಕ್ಷನ್ ಹೆಪ್ಪು ಬೆಳೆಯುವುದನ್ನು ತಡೀತದೆ, ಹೊಸ ಚೂರು ಉದುರುವುದು ಕಡಿಮೆಯಾಗ್ತದೆ. ಹೆಪ್ಪು ಹಳೆಯದಾದರೂ ಹಾಗೆಯೇ, ವಾರಗಳು ದಾಟಿದ ಮೇಲೆ ಸಂಖ್ಯೆ ಇಳಿದುಬಿಡ್ತದೆ.

ಉಸಿರಾಟ ಕೇಳಿದ್ದೆ, ಹೇಳಲಿಲ್ಲ.

ಬಂಟ್ವಾಳದಿಂದ: ಇದಕ್ಕೆಲ್ಲ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಮೇಲ್ಮುಖವಾಗಿ ತಿಕ್ಕಿದರೆ ಹೆಪ್ಪು ಕರಗ್ತದೆ. ಬೆಳಿಗ್ಗೆ ಎರಡು ಎಸಳು ಹಸಿಯಾಗಿ ತಿನ್ನಿ. ವಾಟ್ಸಾಪಿನಲ್ಲಿ ಬಂದದ್ದು, ಬೆಂಗಳೂರಿನ ದೊಡ್ಡ ಹೃದಯ ತಜ್ಞರು ಹೇಳಿದ್ದಂತೆ.

ಡಾಕ್ಟರ್: ಮೇಲ್ಮುಖವಾಗಿ ತಿಕ್ಕಿದರೆ ಅದು ಎಲ್ಲಿಗೆ ಹೋಗ್ತದೆ ಅಂತ ಯೋಚಿಸಿದ್ದೀರಾ? ಹೆಪ್ಪು ಮೀನಖಂಡದ ಒಳನಾಳದಲ್ಲಿ, ಕವಾಟದ ಮೂಲೆಯಲ್ಲಿ ರಕ್ತ ನಿಂತ ಕಡೆ ಶುರುವಾಗ್ತದೆ. ಅಲ್ಲಿಂದ ಮಂಡಿಯ ಹಿಂದಕ್ಕೆ, ತೊಡೆಗೆ ಬೆಳೀತದೆ. ಬುಡ ಗೋಡೆಗೆ ಅಂಟಿರ್ತದೆ, ತುದಿ ಹೊಳೆಯಲ್ಲಿನ ಪಾಚಿಯ ಹಾಗೆ ಹರಿವಿನಲ್ಲಿ ಆಡ್ತಾ ಇರ್ತದೆ. ಆ ತುದಿ ಮುರಿದರೆ ತೊಡೆ, ಕಿಬ್ಬೊಟ್ಟೆ, ಹೊಟ್ಟೆಯ ಮಹಾನಾಳ, ಹೃದಯದ ಬಲಭಾಗ, ಹೀಗೆ ದಾರಿ ಉದ್ದಕ್ಕೂ ಅಗಲವಾಗುತ್ತಲೇ ಹೋಗ್ತದೆ, ನಡುವೆ ತಡೆಯುವ ಜಾಲರಿ ಇಲ್ಲ. ಹೃದಯ ದಾಟಿ ಶ್ವಾಸಕೋಶಕ್ಕೆ ಹೋಗುವ ನಾಳ ಕವಲೊಡೆದು ಕಿರಿದಾಗುವಲ್ಲೇ ಅದು ಸಿಕ್ಕಿಕೊಳ್ಳುವುದು. ಚಿಕ್ಕ ಚೂರಾದರೆ ಅಂಚಿಗೆ ಹೋಗಿ ಉಸಿರೆಳೆದಾಗ ಕುತ್ತುವ ನೋವು. ದೊಡ್ಡದಾದರೆ ಬಲ ಹೃದಯಕ್ಕೆ ಎದುರು ಒತ್ತಡ ಬಿದ್ದು ಬಿಪಿ ಕುಸಿದು ಮನುಷ್ಯ ಬೀಳ್ತಾನೆ. ದಯವಿಟ್ಟು ಆ ಫಾರ್ವರ್ಡ್ ತೆಗೆಯಿರಿ.

ಬಂಟ್ವಾಳದಿಂದ: ನಮ್ಮ ಅಜ್ಜನ ಕಾಲದಿಂದ ತಿಕ್ಕುತ್ತಾ ಬಂದವರು ನಾವು. ಇಂಗ್ಲಿಷ್ ಮದ್ದಿಗೆ ಮಾತ್ರ ಬುದ್ಧಿ ಉಂಟಾ?

ಮೂಡುಬಿದಿರೆಯಿಂದ: ಅಜ್ಜ ಉಳುಕಿಗೆ ತಿಕ್ಕಿದ್ದು ಮಾರಾಯ್ರೇ, ಹೆಪ್ಪಿಗಲ್ಲ.

ಬಂಟ್ವಾಳದಿಂದ: ಉಳುಕು ಯಾವುದು, ಹೆಪ್ಪು ಯಾವುದು ಅಂತ ನಿಮಗೆ ಕಣ್ಣಿಗೆ ಕಾಣ್ತದಾ?

ಉಡುಪಿಯಿಂದ, ಲ್ಯಾಬ್‌ನಲ್ಲಿ ಕೆಲಸ: ಕಾಣುವುದಿಲ್ಲ, ಅದಕ್ಕೇ ಡಾಪ್ಲರ್. ಇನ್ನೊಂದು, ರಿಪೋರ್ಟಿನಲ್ಲಿ ಅಳತೆಯ ಮಾನ ಎಫ್‌ಇಯು ಅಂತ ಇದ್ದರೆ ಮಿತಿ 500, ಡಿಡಿಯು ಅಂತ ಇದ್ದರೆ ಸುಮಾರು 250. ಸುರತ್ಕಲ್‌ನವರು ನೋಡಿಕೊಳ್ಳಿ.

ಸುರತ್ಕಲ್‌ನಿಂದ: ಹಾಗಾದ್ರೆ ಅಮ್ಮನದ್ದು ಯಾವುದು? ರಿಪೋರ್ಟಲ್ಲಿ ಎರಡೂ ಇಲ್ಲ, ಬರೀ ng/mL ಉಂಟು.

ಮಲ್ಪೆಯಿಂದ: ಮುಂದಿನ ವಾರ ದುಬೈಗೆ ಹೋಗ್ಲಿಕ್ಕುಂಟು. ಕಾಲಿಗೆ ಬಿಗಿ ಸಾಕ್ಸ್ ಹಾಕ್ಬೇಕಾ?

ಕಾಪುವಿನಿಂದ: ಡಾಕ್ಟ್ರೇ, ಕೇಳಿದ್ದಕ್ಕೆ ಅಪ್ಪ ಈಗ ಹೇಳ್ತಿದ್ದಾರೆ, ನಿನ್ನೆ ಮಹಡಿ ಹತ್ತುವಾಗ ಉಸಿರು ಸಾಲಲಿಲ್ಲವಂತೆ. ಉಸಿರು ಎಳೆದ್ರೆ ಬಲ ಪಕ್ಕೆಯಲ್ಲಿ ಚುಚ್ಚಿದ ಹಾಗೆ ಆಗ್ತದಂತೆ. ಬೆರಳಿಗೆ ಇಡುವ ಯಂತ್ರದಲ್ಲಿ ಆಕ್ಸಿಜನ್ 97 ಉಂಟು, ನಾಡಿ 108.

ಡಾಕ್ಟರ್: ಇನ್ನು ಡಾಪ್ಲರ್‌ಗೆ ಅಂತ ಸ್ಕ್ಯಾನ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂರಬೇಡಿ. ಅಪ್ಪನನ್ನು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಇಳಿಸಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಹೋದ ಕೂಡಲೇ "ಪ್ಲಾಸ್ಟರ್ ಇತ್ತು, ಕಾಲು ಊದಿದೆ, ಉಸಿರಿಗೆ ಪಕ್ಕೆ ಚುಚ್ಚುತ್ತದೆ" ಅಂತ ಮೂರನ್ನೂ ಒಟ್ಟಿಗೆ ಹೇಳಿ. ಆಕ್ಸಿಜನ್ 97 ಇದ್ದರೂ ಶ್ವಾಸಕೋಶದಲ್ಲಿ ಹೆಪ್ಪು ಇರಬಹುದು, ಅದನ್ನು ನಂಬಿ ಕೂರಬೇಡಿ. ಇಂಜೆಕ್ಷನ್ ಕೊನೆಗೆ ಯಾವಾಗ ಕೊಟ್ಟದ್ದು ಎಂದು ಬರೆದುಕೊಂಡು ಹೋಗಿ.

ಬಂಟ್ವಾಳದಿಂದ: ಹೆದರಿಸಿ ಆಸ್ಪತ್ರೆಗೆ ಕಳಿಸುವುದೇ ಇವರ ಕೆಲಸ.

ಮೂಡುಬಿದಿರೆಯಿಂದ: ಅಡ್ಮಿನ್, ಇವರನ್ನು ಒಂದು ದಿನ ಮ್ಯೂಟ್ ಮಾಡಿ.

ಕುಂದಾಪುರದಿಂದ: ಮೇಲೆ ಓದಿದೆ. 520 ಇದ್ರೆ?

ಡಾಕ್ಟರ್: ವಯಸ್ಸು? ಕಾಲು? ಯಾಕೆ ಮಾಡಿಸಿದ್ದು? ಸಂಖ್ಯೆಗೆ ನಾನು ಮದ್ದು ಕೊಡುವುದಿಲ್ಲ.

ಕಾಪುವಿನಿಂದ, ಮರುದಿನ: ಡಾಪ್ಲರ್‌ನಲ್ಲಿ ಮಂಡಿಯ ಹಿಂದಿನಿಂದ ತೊಡೆಯ ಕೆಳಗಿನವರೆಗೆ ನಾಳ ಒತ್ತಿದರೂ ಮುಚ್ಚುವುದಿಲ್ಲ, ಒಳಗೆ ಹೆಪ್ಪು ಉಂಟು ಅಂದ್ರು. ಸಿಟಿಯಲ್ಲಿ ಬಲ ಶ್ವಾಸಕೋಶದ ಕೆಳಭಾಗದ ಕವಲಿನಲ್ಲಿ ಸಣ್ಣ ಹೆಪ್ಪು. ಎಕೋದಲ್ಲಿ ಬಲ ಹೃದಯ ಸರಿ ಉಂಟು. ಹೆಪ್ಪು ತಡೆಯುವ ಮಾತ್ರೆ ಅಪಿಕ್ಸಬಾನ್, 10 ಮಿ.ಗ್ರಾಂ. ಡೋಸ್, ದಿನಕ್ಕೆರಡು ಸಲ ಶುರು ಮಾಡಿದ್ದಾರೆ. ವಾರ ಬಿಟ್ಟು ಡಿ-ಡೈಮರ್ ನೋಡಿದ್ರೆ ಕರಗಿದ್ದು ಗೊತ್ತಾಗ್ತದಾ?

ಡಾಕ್ಟರ್: ಇಲ್ಲ, ಮಾಡಿಸಬೇಡಿ. ಕಾಲಿನ ಊತ, ಉಸಿರು, ನಾಡಿ ನೋಡಿ. ಬಲ ಹೃದಯ ಸರಿ ಉಂಟು ಅನ್ನುವುದೇ ಈ ವರದಿಗಳಲ್ಲಿ ನನಗೆ ದೊಡ್ಡ ಸಮಾಧಾನ, ಬಿಪಿಯ ಜೊತೆಗೆ ಅದನ್ನೂ ನೋಡಿಯೇ ಮಾತ್ರೆ ಸಾಕಾ ಅಂತ ತೀರ್ಮಾನ.

ಎಡವುವುದು ಮುಂದೆ. 10ರ ಡೋಸ್ ಏಳು ದಿನ ಮಾತ್ರ, ಎಂಟನೇ ದಿನದಿಂದ 5ರ ಡೋಸ್, ದಿನಕ್ಕೆರಡು ಸಲ. ಏಳು ದಿನ ಮುಗಿದ ಮೇಲೂ ಮನೆಯಲ್ಲಿ ಹಳೆ ಲೆಕ್ಕದಲ್ಲೇ ಒಂದು ಸಲಕ್ಕೆ 5ರ ಮಾತ್ರೆ ಎರಡೆರಡು ನುಂಗುವವರು ಉಂಟು, ಅದು ರಕ್ತಸ್ರಾವಕ್ಕೆ ದಾರಿ. ಉಲ್ಟಾ, ನೋವು ಹೋಯ್ತು ಅಂತ ನಿಲ್ಲಿಸುವವರೂ ಉಂಟು. ಕನಿಷ್ಠ ಮೂರು ತಿಂಗಳು, ಮುಂದೆ ಬೇಕಾ ಅಂತ ಆಗ ನಿಮ್ಮ ಡಾಕ್ಟ್ರು ಹೇಳ್ತಾರೆ. ಮಾತ್ರೆ ಖಾಲಿಯಾಗುವ ಮೂರು ದಿನ ಮೊದಲೇ ತಂದಿಡಿ.

ಮೂಡುಬಿದಿರೆಯಿಂದ: ಗಂಟು ನೋವಿಗೆ ಡೈಕ್ಲೋಫೆನಾಕ್ ಕೊಡಬಹುದಾ?

ಡಾಕ್ಟರ್: ಅದರ ಜೊತೆಗೆ ಬೇಡ, ಹೊಟ್ಟೆಯಲ್ಲಿ ರಕ್ತ ಹೋಗ್ತದೆ. ಪ್ಯಾರಾಸಿಟಮಾಲ್. ಕಪ್ಪು ಮಲ ಬಂದರೆ ತಡ ಮಾಡದೆ ಹೋಗಿ.

ಬಂಟ್ವಾಳದಿಂದ: ಬೆಳ್ಳುಳ್ಳಿ ತಿಂದ್ರೆ ತೊಂದರೆ ಇಲ್ಲ ಅಲ್ವಾ?

ಡಾಕ್ಟರ್: ಸಾರಿಗೆ ಹಾಕಿ. ಹಸಿ ಎಸಳು, ಮಾತ್ರೆ, ಕ್ಯಾಪ್ಸೂಲ್ ಅಂತ ಔಷಧಿಯಾಗಿ ಬೇಡ, ಮೂರು ತಿಂಗಳು.