ಅಪ್‌ಡೇಟ್: ಸಂಪಾದಕರಿಗೆ ಬರೆದ ಕವರ್ ಲೆಟರ್‌ನಲ್ಲಿ ಹೊಸತನವನ್ನು ಹೇಳಿದ ಬಗೆ

ನಾನು ಕೇಳಿದ್ದು: "ಉಡುಪಿಯ ಕರಾವಳಿ ಬಾವಿಗಳ ಉಪ್ಪುನೀರಿನ ಕುರಿತ ನಮ್ಮ ಲೇಖನ ವಿಮರ್ಶಕರನ್ನು ತಲುಪದೆ ಸಂಪಾದಕರ ಮೇಜಿನಿಂದಲೇ ಮರಳಿತು. ಪತ್ರದಲ್ಲಿ ಹೊಸತನವನ್ನು ಹೇಗೆ ಹೇಳಬೇಕು?"

ಬೇರೊಂದು ನಿಯತಕಾಲಿಕಕ್ಕೆ ಕಳುಹಿಸಿದ ಲೇಖನ ಈಗ ವಿಮರ್ಶೆಗೆ ಹೋಗಿದೆ. ಸಾರಾಂಶವನ್ನೇ ಪತ್ರಕ್ಕೆ ಇಳಿಸಿ ಎಂಬ ಸಲಹೆ ಫಲಿಸಲಿಲ್ಲ. ಅದರಲ್ಲಿ ವಿಧಾನವಿತ್ತೇ ಹೊರತು ಹೊಸತೇನೆಂಬುದು ಇರಲಿಲ್ಲ. ನೆರವಾದದ್ದು "ಮೊದಲು" ಎಂಬ ಪದವನ್ನು ತೆಗೆದು, ಹಿಂದಿನ ಅಧ್ಯಯನಗಳು ಬಿಟ್ಟ ಪ್ರಶ್ನೆಯಿಂದ ಆರಂಭಿಸಿ ಎಂದ ಹಿರಿಯರ ಮಾತು.

ಹಳೆಯ ವಾಕ್ಯ ಹೀಗಿತ್ತು: "ಉಡುಪಿಯಲ್ಲಿ ಇಂತಹ ಅಧ್ಯಯನ ಇದೇ ಮೊದಲು." ಊರು ಹೊಸದಾದ ಮಾತ್ರಕ್ಕೆ ತಿಳಿವಳಿಕೆ ಹೊಸದಾಗುವುದಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಈಗಿನದು: "ನಾವು ಆಧರಿಸಿದ ಅಧ್ಯಯನಗಳು ಬೇಸಿಗೆಯಲ್ಲಷ್ಟೇ ಉಪ್ಪಿನಂಶವನ್ನು ಅಳೆದಿದ್ದರಿಂದ, ಮಳೆ ಹಿಡಿದ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆಂಬುದು ಸ್ಪಷ್ಟವಿರಲಿಲ್ಲ. ಒಂದೇ ಬಾವಿಗಳನ್ನು ವರ್ಷವಿಡೀ ವಾರಕ್ಕೊಮ್ಮೆ ಅಳೆದಾಗ, ಮುರಕಲ್ಲಿನ ಬಾವಿಗಳು ಮರಳಿನವುಗಳಿಗಿಂತ ತಡವಾಗಿ ಸಿಹಿಯಾದವು." ಇದರ ಬೆನ್ನಿಗೇ, ಒಂದೇ ಮಳೆಗಾಲದ ದತ್ತಾಂಶವೆಂಬ ಮಿತಿಯನ್ನೂ ಬರೆದೆವು; ಅದನ್ನು ಮುಚ್ಚಿಟ್ಟಿದ್ದರೆ ಲೇಖನ ತೆರೆದೊಡನೆ ಪತ್ರದ ಮಾತು ಸುಳ್ಳಾಗುತ್ತಿತ್ತು.

ನನಗೆ ಅಚ್ಚರಿ ತಂದದ್ದು ಬೇರೆಯೇ. ಹಲವು ನಿಯತಕಾಲಿಕಗಳಲ್ಲಿ ಈ ಪತ್ರ ವಿಮರ್ಶಕರಿಗೆ ಕಾಣುವುದೇ ಇಲ್ಲ. ಆದ್ದರಿಂದ ಇದೇ ವಾದವನ್ನು ಪೀಠಿಕೆಯ ಕೊನೆಯ ಪ್ಯಾರಾದಲ್ಲೂ ಸೇರಿಸಿದೆವು. ಮೊದಲ ಬಾರಿ ಅಲ್ಲಿ "ಉದ್ದೇಶಗಳು" ಎಂಬ ಪಟ್ಟಿಯಷ್ಟೇ ಇತ್ತು.